ಹೆಸರಿಡದ ಹಾರೈಕೆ

ನಮ್ಮ ಜಿಲ್ಲೆಯ ಆಸ್ಪತ್ರೆಯೊಂದರಲ್ಲಿ ರೋಗಿಗಳ ಬಳಿ ಕುಳಿತು ಮಾತನಾಡಿಸುವ ಸ್ವಯಂಸೇವಕರ ಒಂದು ಚಿಕ್ಕ ತಂಡವಿದೆ. ಅದರಲ್ಲಿ ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಇದ್ದಾರೆ. ಒಬ್ಬ ಜೈನ ಸಹೋದರಿಯೂ ಇದ್ದಾರೆ. ಕೆಲವು ರೋಗಿಗಳು ‘ನನಗಾಗಿ ಒಂದು ಪ್ರಾರ್ಥನೆ ಹೇಳಿ’ ಎಂದು ಇವರನ್ನು ಕೇಳುವುದುಂಟು. ಏನು ಹೇಳಬೇಕೆಂದು ಒಬ್ಬೊಬ್ಬರೂ ಒಂದೊಂದು ರೀತಿಯಲ್ಲಿ ತಡವರಿಸುತ್ತಿದ್ದರು. ಯಾವ ರೋಗಿಯ ಬಳಿಯೂ, ಯಾವ ಸ್ವಯಂಸೇವಕನೂ ಓದಬಹುದಾದ ಒಂದು ಪುಟ್ಟ ಪ್ರಾರ್ಥನೆಯನ್ನು ಬರೆದುಕೊಡಿ ಎಂದು ತಂಡದವರು ನಮ್ಮನ್ನು ಕೇಳಿದರು. ಮದ್ರಸದಲ್ಲಿ ದುಆ ಕಲಿಸುವವರು, ಕನ್ನಡವನ್ನೂ ಓದಿಕೊಂಡವರು ಎಂಬುದೇ ಕಾರಣ. ಅರ್ಧ ಗಂಟೆಯ ಕೆಲಸವೆಂದು ತಿಳಿದು ಒಪ್ಪಿಕೊಂಡೆವು. ಅದಕ್ಕೆ ನಾಲ್ಕು ತಿಂಗಳು ಹಿಡಿಯಿತು.

ಮೊದಲ ಕರಡು ನಮಗೆ ಬಹಳ ಚೆನ್ನಾಗಿದೆ ಎನಿಸಿತ್ತು. ‘ಸಕಲ ಲೋಕಗಳ ಸೃಷ್ಟಿಕರ್ತನಾದ ಕರುಣಾಮಯನೇ’ ಎಂದು ಆರಂಭವಾಗಿ, ‘ನಿನ್ನ ಈ ಪರೀಕ್ಷೆಯನ್ನು ಸಹನೆಯಿಂದ ಎದುರಿಸುವ ಶಕ್ತಿಯನ್ನು ನೀಡು, ಪಾಪಗಳನ್ನು ಮನ್ನಿಸು, ಶೀಘ್ರವೇ ಸಂಪೂರ್ಣ ಗುಣವನ್ನು ಕರುಣಿಸು, ಆತ್ಮಕ್ಕೆ ಶಾಂತಿಯನ್ನು ದಯಪಾಲಿಸು’ ಎಂದು ಅದು ಮುಗಿಯುತ್ತಿತ್ತು. ಯಾವ ಧರ್ಮದ ದೇವರ ಹೆಸರನ್ನೂ ಬಳಸಿಲ್ಲ, ಆದ್ದರಿಂದ ಇದು ಎಲ್ಲರಿಗೂ ಸಲ್ಲುತ್ತದೆ ಎಂದು ನಾವು ಭಾವಿಸಿದ್ದೆವು.

ಅದನ್ನು ಓದಿ ನೋಡಲು ತಂಡದೊಡನೆ ನಾವೇ ವಾರ್ಡಿಗೆ ಹೋದೆವು. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಎಪ್ಪತ್ತು ದಾಟಿದ ಕೃಷಿಕರೊಬ್ಬರಿದ್ದರು. ಒಪ್ಪಿಗೆ ಕೇಳಿ, ನಿಂತುಕೊಂಡೇ ಗಂಭೀರವಾದ ಧ್ವನಿಯಲ್ಲಿ ಓದಿದೆವು. ಅವರು ಕೊನೆಯವರೆಗೂ ಕೇಳಿದರು. ಆ ಮೇಲೆ ಮೆಲ್ಲಗೆ, ‘ಮಾಸ್ಟ್ರೇ, ನನಗೆ ಇನ್ನು ಗುಣ ಆಗುವುದಿಲ್ಲ ಅಂತ ಡಾಕ್ಟ್ರು ಹೇಳಿಯಾಗಿದೆ. ನೀವು ಈಗ ಓದಿದ್ದು ಯಾರಿಗೆ?’ ಎಂದು ಕೇಳಿದರು. ಅವರ ಧ್ವನಿಯಲ್ಲಿ ಕೋಪವಿರಲಿಲ್ಲ. ನಮ್ಮಲ್ಲಿ ಉತ್ತರವೂ ಇರಲಿಲ್ಲ.

ಮನೆಗೆ ಮರಳುವಾಗ ನಮಗೆ ಬುಖಾರಿಯ ಒಂದು ಹದೀಸ್ ನೆನಪಾಯಿತು. ಪ್ರವಾದಿ ಮುಹಮ್ಮದ್(ಸ)ರು ಕಾಯಿಲೆ ಬಿದ್ದ ಒಬ್ಬ ಗ್ರಾಮೀಣ ಅರಬನನ್ನು ನೋಡಲು ಹೋಗುತ್ತಾರೆ. ತಮ್ಮ ರೂಢಿಯಂತೆ, ಅಂಜಬೇಕಾಗಿಲ್ಲ, ಅಲ್ಲಾಹನು ಇಚ್ಛಿಸಿದರೆ ಇದು ನಿನ್ನನ್ನು ಶುದ್ಧಗೊಳಿಸುವುದು ಎಂಬರ್ಥದ ಮಾತನ್ನು ಹೇಳುತ್ತಾರೆ. ಆತನು ಅದನ್ನು ಒಪ್ಪುವುದಿಲ್ಲ. ಇದು ಮುದುಕನ ಮೈಯಲ್ಲಿ ಕುದಿಯುತ್ತಿರುವ ಜ್ವರ, ಅವನನ್ನು ಗೋರಿಗೆ ಒಯ್ಯಲಿದೆ ಎನ್ನುತ್ತಾನೆ. ಹಾಗಾದರೆ ಹಾಗೆಯೇ ಆಗಲಿ ಎಂದು ಪ್ರವಾದಿವರ್ಯರು(ಸ) ಮಾತು ಮುಗಿಸುತ್ತಾರೆ. ಒಳ್ಳೆಯ ಹಾರೈಕೆಯನ್ನು ನಿರಾಶೆಯಿಂದ ತಿರಸ್ಕರಿಸಬಾರದೆಂಬ ಎಚ್ಚರಿಕೆಯನ್ನು ವಿದ್ವಾಂಸರು ಇದರಲ್ಲಿ ಕಂಡಿದ್ದಾರೆ. ನಾವೂ ತರಗತಿಯಲ್ಲಿ ಹಾಗೆಯೇ ಕಲಿಸುತ್ತಾ ಬಂದಿದ್ದೇವೆ. ಆದರೆ ಅಂದು ಅದೇ ಹದೀಸಿನಲ್ಲಿ ಇನ್ನೊಂದು ಪಾಠವೂ ಕಂಡಿತು. ಪ್ರವಾದಿವರ್ಯರು(ಸ) ರೋಗಿಯೊಡನೆ ವಾದಕ್ಕೆ ಇಳಿಯಲಿಲ್ಲ, ಹಾರೈಕೆಯನ್ನು ಒತ್ತಾಯದಿಂದ ಅವನ ಮೇಲೆ ಹೇರಲೂ ಇಲ್ಲ. ರೋಗಿಯ ಮುಂದೆ ಇಡುವ ಮಾತು ಅವನು ಬೇಡವೆನ್ನಲು ಎಡೆಯಿರುವಂತಹ ಮಾತಾಗಿರಬೇಕು. ನಮ್ಮ ಕರಡಿನಲ್ಲಿ ಅಂತಹ ಎಡೆಯೇ ಇರಲಿಲ್ಲ.

ಮರುವಾರ ತಂಡದವರು ಕುಳಿತು ಆ ಕರಡಿನ ಒಂದೊಂದು ಪದವನ್ನೂ ಎತ್ತಿ ನೋಡಿದರು. ಆ ಎರಡು ಗಂಟೆಗಳಲ್ಲಿ ನಾವು ಕಲಿತಷ್ಟು ಕನ್ನಡವನ್ನು ಬಿ.ಎ. ತರಗತಿಯಲ್ಲಿ ಕಲಿತಿರಲಿಲ್ಲವೆಂದೇ ಹೇಳಬೇಕು.

‘ಸೃಷ್ಟಿಕರ್ತ’ ಎಂಬ ಪದ ಎಲ್ಲರದೂ ಎಂದು ನಾವು ಭಾವಿಸಿದ್ದೆವು. ಜೈನ ಸಹೋದರಿಯು, ತಮ್ಮ ಧರ್ಮದಲ್ಲಿ ಲೋಕವನ್ನು ಸೃಷ್ಟಿಸಿದ ದೇವರೆಂಬ ಕಲ್ಪನೆಯೇ ಇಲ್ಲವೆಂದು ನೆನಪಿಸಿದರು. ಬೌದ್ಧರ ವಿಷಯವೂ ಹಾಗೆಯೇ. ಕಾರ್ಕಳ, ಮೂಡಬಿದಿರೆಗಳ ಜೈನ ನೆರೆಹೊರೆಯವರ ನಡುವೆ ಬಾಳುವ ನಮಗೆ ಇದು ತೋಚದೆ ಹೋದದ್ದು ನಾಚಿಕೆಯ ವಿಷಯ. ‘ತಂದೆ’ ಎಂದರೆ ಕ್ರೈಸ್ತರಿಗೆ ಹಿತ, ನಮಗೆ ಅದು ಸಲ್ಲದು. ‘ಕರ್ತ’ ಎಂದರೆ ಚರ್ಚಿನ ಕನ್ನಡ, ‘ಭಗವಂತ’ ಎಂದರೆ ಮಠ ಮಂದಿರಗಳ ಕನ್ನಡ. ಎಲ್ಲರಿಗೂ ಸಮಾನವಾದ ಸಂಬೋಧನೆಯನ್ನು ಹುಡುಕಿದಷ್ಟೂ ಯಾರಾದರೊಬ್ಬರು ಹೊರಗುಳಿಯುತ್ತಿದ್ದರು.

‘ಪರೀಕ್ಷೆ’ ಎಂಬುದು ನಮಗೆ ಧಾರ್ಮಿಕ ಅರ್ಥ ತುಂಬಿದ ಪದ. ರೋಗವು ವಿಶ್ವಾಸಿಯ ಪಾಲಿಗೆ ಪರೀಕ್ಷೆಯೂ ಪಾಪಪರಿಹಾರವೂ ಆಗುವುದೆಂಬುದು ನಮ್ಮ ನಂಬಿಕೆ. ಆದರೆ ವಾರ್ಡಿನಲ್ಲಿ ಪರೀಕ್ಷೆ ಎಂದರೆ ರಕ್ತಪರೀಕ್ಷೆ. ‘ನಾಳೆ ಇನ್ನೊಂದು ಪರೀಕ್ಷೆ ಉಂಟಾ?’ ಎಂದು ಒಬ್ಬ ತಾಯಿ ಗಾಬರಿಯಿಂದ ಕೇಳಿದ್ದರಂತೆ. ‘ಪಾಪಗಳನ್ನು ಮನ್ನಿಸು’ ಎಂಬುದು ಇನ್ನೂ ಅಪಾಯದ ಮಾತು. ನಮಗೆ ಅದು ಪ್ರತಿದಿನದ ಇಸ್ತಿಗ್ಫಾರ್. ಅಪರಿಚಿತನೊಬ್ಬನು ಹಾಸಿಗೆಯ ಪಕ್ಕ ನಿಂತು ಅದನ್ನು ಹೇಳಿದರೆ, ನೀನು ಮಾಡಿದ ಪಾಪಕ್ಕೆ ಈ ಕಾಯಿಲೆ ಬಂತು ಎಂದು ರೋಗಿಗೆ ಕೇಳಿಸುತ್ತದೆ. ‘ಸಹನೆ’ಯ ಉಪದೇಶವೂ ಇಂತಹುದೇ. ನೋವಿನಿಂದ ನರಳುವುದೇ ತಪ್ಪೆಂಬ ಗದರಿಕೆ ಅದರಲ್ಲಿ ಅಡಗಿದೆ.

ನಮ್ಮನ್ನು ಬೆಚ್ಚಿಬೀಳಿಸಿದ್ದು ‘ಶಾಂತಿ’. ಅಷ್ಟು ಸುಂದರವಾದ ಪದವನ್ನು ಯಾರು ತಾನೆ ಬೇಡವೆಂದಾರು? ಆದರೆ ‘ಆತ್ಮಕ್ಕೆ ಶಾಂತಿ’ ಎಂಬ ಮಾತನ್ನು ಕನ್ನಡಿಗನು ಶ್ರದ್ಧಾಂಜಲಿಯ ಫಲಕದಲ್ಲಿ ಅಲ್ಲದೆ ಬೇರೆಲ್ಲಿ ಓದುತ್ತಾನೆ? ಬದುಕಿರುವವರ ಮುಂದೆ ನಾವು ಸತ್ತವರಿಗೆ ಹೇಳುವ ಮಾತನ್ನು ಹೇಳಿ ಬಂದಿದ್ದೆವು. ಹಾಗೆಯೇ ‘ಕಣ್ಣು ಮುಚ್ಚಿ ಕೇಳಿರಿ’ ಎಂಬ ಸೂಚನೆಯನ್ನೂ ನಾವು ಬರೆದಿದ್ದೆವು. ನಿವೃತ್ತ ಶಿಕ್ಷಕಿಯಾದ ಹಿರಿಯ ಸ್ವಯಂಸೇವಕಿ ನಕ್ಕು, ‘ಉಸ್ತಾದರೇ, ನಮ್ಮ ಭಾಷೆಯಲ್ಲಿ ಕಣ್ಣು ಮುಚ್ಚಿದರು ಅಂದರೆ ಏನೆಂದು ನಿಮಗೆ ಗೊತ್ತಿಲ್ಲವೇ?’ ಎಂದರು. ಅಂದು ಇಡೀ ತಂಡ ನಕ್ಕಿತು, ನಾವೂ ನಕ್ಕೆವು. ಶಾಂತಿಯ ಜಾಗದಲ್ಲಿ ‘ನೆಮ್ಮದಿ’, ‘ಹಗುರ’, ‘ನಿದ್ದೆ’ ಎಂಬ ಬದುಕಿನ ಪದಗಳನ್ನು ತರಬೇಕೆಂದು ತೀರ್ಮಾನವಾಯಿತು.

ಎರಡನೆಯ ಕರಡಿನಲ್ಲಿ ನಾವು ಬೇರೊಂದು ತಪ್ಪು ಮಾಡಿದೆವು. ಒಂದು ಸಂಬೋಧನೆ ಸಾಲದೆಂದಾದರೆ ಎಲ್ಲ ಹೆಸರುಗಳನ್ನೂ ಸೇರಿಸೋಣವೆಂದು ಅಲ್ಲಾಹ್, ಈಶ್ವರ, ಯೇಸು ಎಂದು ಸಾಲಾಗಿ ಬರೆದೆವು. ಬರೆಯುವಾಗಲೇ ನಮ್ಮ ಕೈ ನಡುಗಿತ್ತು. ಅಲ್ಲಾಹನ ಹೊರತು ಇತರರನ್ನು ಪ್ರಾರ್ಥಿಸಲು ನಮಗೆ ಅನುಮತಿಯಿಲ್ಲ. ತೌಹೀದ್ ಸೌಜನ್ಯಕ್ಕಾಗಿ ಸಡಿಲಿಸಬಹುದಾದ ವಿಷಯವಲ್ಲ. ತಂಡದ ಮುಸ್ಲಿಮ್ ಯುವಕನೊಬ್ಬ ಇದನ್ನು ಓದಲಾರೆನೆಂದು ನೇರವಾಗಿ ಹೇಳಿದ. ನಮಗೆ ಅಚ್ಚರಿಯಾದದ್ದು, ಕ್ರೈಸ್ತ ಸಿಸ್ಟರ್ ಕೂಡ ಅದನ್ನೇ ಹೇಳಿದ್ದು. ತಾವು ಪ್ರಾರ್ಥಿಸದ ಹೆಸರನ್ನು ತುಟಿಯಿಂದ ಹೇಳಿದರೆ ಅದು ರೋಗಿಯ ಮುಂದೆ ನಟನೆಯಾಗುತ್ತದೆ, ಮಲಗಿದವರಿಗೆ ಧ್ವನಿಯ ಸುಳ್ಳು ಬೇಗ ತಿಳಿಯುತ್ತದೆ ಎಂದರು. ಹೆಸರುಗಳ ಪಟ್ಟಿಗೆ ಇನ್ನೊಂದು ದೋಷವೂ ಇದೆ. ಪಟ್ಟಿ ಎಷ್ಟೇ ಉದ್ದವಿದ್ದರೂ ಅದರಲ್ಲಿ ಇಲ್ಲದವನು ತಾನು ಇಲ್ಲವೆಂಬುದನ್ನು ಮಾತ್ರ ಕೇಳುತ್ತಾನೆ.

ದಾರಿ ತೋರಿದ್ದು ಶಾಲೆಯ ವ್ಯಾಕರಣ. ಅರಬಿಯ ದುಆಗಳಲ್ಲಿ ಹೆಚ್ಚಿನವು ‘ಅಲ್ಲಾಹುಮ್ಮ’ ಎಂಬ ಕರೆಯಿಂದ ಆರಂಭವಾಗುತ್ತವೆ. ಯಾರನ್ನು ಕೇಳುತ್ತೇವೆ ಎಂಬುದು ಅಲ್ಲಿ ಮೊದಲು, ಏನನ್ನು ಕೇಳುತ್ತೇವೆ ಎಂಬುದು ಆಮೇಲೆ. ಕನ್ನಡದಲ್ಲಿ ವಿಧ್ಯರ್ಥಕ ರೂಪವೆಂಬುದೊಂದಿದೆ: ಬರಲಿ, ಆಗಲಿ, ದೊರೆಯಲಿ, ತಗ್ಗಲಿ. ಕ್ರಿಯಾಪದದ ಕೊನೆಯ ಆ ‘ಲಿ’ ಹಾರೈಕೆಯನ್ನು ಪೂರ್ಣವಾಗಿ ಹೇಳುತ್ತದೆ, ಆದರೆ ಕೊಡುವವನು ಯಾರೆಂದು ಹೇಳುವುದಿಲ್ಲ. ‘ನೋವು ತಗ್ಗಲಿ’ ಎಂದಾಗ ನಾವು ಮನಸ್ಸಿನಲ್ಲಿ ಅಲ್ಲಾಹನನ್ನು ಬೇಡುತ್ತೇವೆ. ಸಿಸ್ಟರ್ ತಮ್ಮ ಪ್ರಭುವನ್ನು ಬೇಡುತ್ತಾರೆ. ಕೇಳುವ ರೋಗಿ ತನ್ನ ಇಷ್ಟದೈವವನ್ನು ನೆನೆಯುತ್ತಾನೆ, ಅಥವಾ ಯಾರನ್ನೂ ನೆನೆಯದೆ ಒಬ್ಬ ಮನುಷ್ಯನ ಒಳ್ಳೆಯ ಮಾತೆಂದು ಸ್ವೀಕರಿಸುತ್ತಾನೆ. ಓದುವವನು ಸುಳ್ಳಾಡಲಿಲ್ಲ, ಕೇಳುವವನು ಹೊರಗುಳಿಯಲಿಲ್ಲ. ದೇವರನ್ನು ಕರೆಯುವ ಹೆಸರು ಎಲ್ಲಿ ಬರಬೇಕಿತ್ತೋ ಅಲ್ಲಿ ಮೌನವನ್ನು ಇಟ್ಟು ರೋಗಿಗೆ ಬಿಟ್ಟುಕೊಟ್ಟೆವು.

ಇದು ದುಆ ಆಗುತ್ತದೆಯೇ ಎಂದು ಓದುಗರು ಕೇಳಬಹುದು. ಕರ್ಮಗಳು ಉದ್ದೇಶವನ್ನು ಅವಲಂಬಿಸಿವೆ ಎಂಬುದು ನಮ್ಮಲ್ಲಿ ಮಕ್ಕಳೂ ಬಲ್ಲ ಮಾತು. ಮುಸ್ಲಿಮೇತರ ರೋಗಿಯನ್ನು ಸಂದರ್ಶಿಸುವುದಕ್ಕೂ ಆತನ ಆರೋಗ್ಯಕ್ಕಾಗಿ ಬೇಡುವುದಕ್ಕೂ ಅಡ್ಡಿಯಿಲ್ಲವೆಂದು ವಿದ್ವಾಂಸರು ಸಾಮಾನ್ಯವಾಗಿ ಹೇಳಿದ್ದಾರೆ. ಕಾಯಿಲೆಯವರಿಗಾಗಿ ಪ್ರವಾದಿವರ್ಯರು(ಸ) ಮಾಡುತ್ತಿದ್ದರೆಂದು ಹ. ಆಯಿಶಾ(ರ) ವರದಿ ಮಾಡಿರುವ ಪ್ರಾರ್ಥನೆಯಲ್ಲೂ ಅಲ್ಲಾಹನನ್ನು ಸಕಲ ಮನುಷ್ಯರ ಪ್ರಭುವೆಂದೇ ಕರೆಯಲಾಗಿದೆ.

ಮೂರನೆಯ ಕರಡು ಹೀಗೆ ನಿಂತಿತು:

‘ನಿಮ್ಮ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತಿರುತ್ತೇನೆ. ನೀವು ಏನೂ ಹೇಳಬೇಕಾಗಿಲ್ಲ. ಬೇಡವೆನಿಸಿದರೆ ಕೈಸನ್ನೆ ಮಾಡಿ, ನಿಲ್ಲಿಸುತ್ತೇನೆ.

ಈ ಹೊತ್ತು ನಿಮಗೆ ಹಗುರವಾಗಲಿ.
ನೋವು ತಗ್ಗಲಿ.
ಉಸಿರು ಸರಾಗವಾಗಲಿ.
ಇಂದು ರಾತ್ರಿ ಒಳ್ಳೆಯ ನಿದ್ದೆ ಬರಲಿ.
ನಿಮ್ಮನ್ನು ನೋಡಿಕೊಳ್ಳುವವರ ಕೈ ಮೃದುವಾಗಿರಲಿ.
ಮನೆಯಲ್ಲಿರುವವರಿಗೆ ಧೈರ್ಯ ಬರಲಿ.
ಹೆದರಿಕೆಯಾದಾಗ ಜೊತೆಗೆ ಒಬ್ಬರಿರಲಿ.
ನಿಮ್ಮ ಮನಸ್ಸು ಬೇಡುವ ಒಳಿತು ನಿಮಗೆ ದೊರೆಯಲಿ.
ಕರುಣೆ ನಿಮ್ಮನ್ನು ಕೈಬಿಡದಿರಲಿ.

ಈಗ ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ. ನಿಮ್ಮ ಮಾತಿನಲ್ಲಿ ನೀವು ಬೇಡಿಕೊಳ್ಳಬಹುದು, ಸುಮ್ಮನೆಯೂ ಇರಬಹುದು.

ನಿಮ್ಮೊಡನೆ ಕುಳಿತಿರಲು ಬಿಟ್ಟಿರಿ, ಉಪಕಾರವಾಯಿತು. ಹೋಗಿ ಬರುತ್ತೇನೆ.’

ಇದರಲ್ಲಿ ‘ಗುಣವಾಗಲಿ’ ಎಂಬ ಮಾತಿಲ್ಲ. ಅದು ಮರೆತು ಹೋದದ್ದಲ್ಲ. ಗುಣವಾಗುವ ಭರವಸೆಯಲ್ಲಿರುವವನು ‘ಮನಸ್ಸು ಬೇಡುವ ಒಳಿತು’ ಎಂಬಲ್ಲಿ ಅದನ್ನು ಇರಿಸಿಕೊಳ್ಳುತ್ತಾನೆ. ಗುಣವಾಗದೆಂದು ತಿಳಿದಿರುವವನು ಮಗನ ಮುಖವನ್ನೋ ನೋವಿಲ್ಲದ ಒಂದು ಹಗಲನ್ನೋ ಇರಿಸಿಕೊಳ್ಳುತ್ತಾನೆ. ಕೊನೆಯಿಂದ ಎರಡನೆಯ ಹಾರೈಕೆಗೆ ನಾವು ಮೊದಲು ‘ಗುಣವಾಗುವುದಿದ್ದರೆ ಬೇಗ ಗುಣವಾಗಲಿ’ ಎಂದು ಬರೆದಿದ್ದೆವು. ನಾಳೆ ಮನೆಗೆ ಹೋಗಲಿರುವವನಿಗೂ ಆ ‘ಇದ್ದರೆ’ ಎಂಬ ಪದ ನಿದ್ದೆ ಕೆಡಿಸುತ್ತದೆಂದು ತೆಗೆದೆವು. ಕೊನೆಯ ಹಾರೈಕೆ ‘ನೀವು ನಂಬಿದ ದೇವರು ಕಾಯಲಿ’ ಎಂದಿತ್ತು. ಅದು ನಮ್ಮ ಯುವಕನಿಗೆ ಮತ್ತೆ ಅಡ್ಡಿಯಾಯಿತು, ದೇವರನ್ನು ನಂಬದ ರೋಗಿಗೂ ಒಪ್ಪದು. ‘ಕರುಣೆ’ ಮಾತ್ರ ಉಳಿಯಿತು. ನಮಗೆ ಅದು ರಹ್ಮತ್, ಇತರರಿಗೂ ಅನ್ಯವಲ್ಲದ ಪದ. ‘ಹೋಗಿ ಬರುತ್ತೇನೆ’ ಎಂಬುದನ್ನು ನಮ್ಮ ನಾಡಿನ ರೂಢಿಯಂತೆ ಉಳಿಸಿಕೊಂಡೆವು. ಆದರೆ ‘ನಾಳೆ ಬರುತ್ತೇನೆ’ ಎನ್ನಬಾರದು. ನಾಳೆ ಬರಲಾಗದಿದ್ದರೆ ಆ ರೋಗಿ ಸಂಜೆಯವರೆಗೆ ಬಾಗಿಲನ್ನೇ ನೋಡುತ್ತಿರುತ್ತಾನೆ.

ಬರೆದದ್ದನ್ನು ಓದುವ ಕ್ರಮವೂ ಬರಹದ ಭಾಗವೇ ಎಂಬುದು ನಮಗೆ ತಡವಾಗಿ ಅರ್ಥವಾಯಿತು. ಮೊದಲು ನರ್ಸನ್ನು ವಿಚಾರಿಸಬೇಕು. ಆಗಷ್ಟೇ ಕೆಟ್ಟ ಸುದ್ದಿ ಕೇಳಿದವರು, ಈಗ ತಾನೇ ನಿದ್ದೆಹೋದವರು ಯಾರೆಂದು ಆಕೆಗೆ ಮಾತ್ರ ಗೊತ್ತು. ಆ ಮೇಲೆ ರೋಗಿಯನ್ನೇ ಕೇಳಬೇಕು. ಸಂಬಂಧಿಕರು ಒಪ್ಪಿದರೆ ಸಾಲದು. ನಿಂತು ಓದಬಾರದು, ಸ್ಟೂಲಿನಲ್ಲಿ ಕುಳಿತು ರೋಗಿಯ ಕಣ್ಣಿನ ಎತ್ತರಕ್ಕೆ ಬರಬೇಕು. ಒಂದೊಂದು ಹಾರೈಕೆಯ ನಂತರ ಒಂದು ಉಸಿರಿನಷ್ಟು ಬಿಡುವು ಕೊಡಬೇಕು. ಮೌನದಲ್ಲಿ ತನ್ನ ಹತ್ತು ಉಸಿರುಗಳನ್ನು ಎಣಿಸಬೇಕು. ಇಲ್ಲದಿದ್ದರೆ ಹೊಸ ಸ್ವಯಂಸೇವಕನಿಗೆ ಮೂರೇ ಸೆಕೆಂಡುಗಳ ಮೌನ ಬಹಳವೆನಿಸಿ ಅವನು ಮಾತು ಶುರುಮಾಡುತ್ತಾನೆ. ‘ಆಮೀನ್’ ಎಂದಾಗಲಿ ‘ತಥಾಸ್ತು’ ಎಂದಾಗಲಿ ರೋಗಿಯಿಂದ ನಿರೀಕ್ಷಿಸಬಾರದು. ತುಳು, ಬ್ಯಾರಿ, ಕೊಂಕಣಿ ಮನೆಮಾತಿನವರಿಗೆ ಇದನ್ನು ಅವರವರ ಮಾತಿನಲ್ಲೇ ಹೇಳಿದರೆ ಒಳ್ಳೆಯದು. ಸಾಲುಗಳು ಚಿಕ್ಕದಾಗಿರುವುದರಿಂದ ಅದು ಕಷ್ಟವಲ್ಲ.

ಎಲ್ಲಿ ತಪ್ಪುತ್ತಿದೆ ಎಂದು ತಿಳಿಯುವುದೂ ಸುಲಭ. ರೋಗಿ ಹೊದಿಕೆಯ ಅಂಚನ್ನು ಹಿಡಿದು ತಿರುಚುತ್ತಿದ್ದರೆ, ಮುಖವನ್ನು ಗೋಡೆಯ ಕಡೆ ತಿರುಗಿಸಿದರೆ, ಬಾಯಲ್ಲಿ ಹೂಂ ಎಂದರೂ ಮನಸ್ಸು ಬೇಡವೆನ್ನುತ್ತಿದೆ. ಅಲ್ಲಿಗೆ ನಿಲ್ಲಿಸಬೇಕು. ಅತ್ತರೆ ಮಾತ್ರ ತಕ್ಷಣ ಎದ್ದು ಬರಬಾರದು. ಅಳು ಯಾವಾಗಲೂ ನೋವಿನ ಗುರುತಲ್ಲ.

ಇನ್ನೊಂದು ತೊಡಕನ್ನು ಮರೆಮಾಚದೆ ಹೇಳಬೇಕು. 2006ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಪ್ರಕಟವಾಯಿತು. ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿ, ದೂರದ ಅಪರಿಚಿತರಿಂದ ಅವರಲ್ಲಿ ಕೆಲವರಿಗಾಗಿ ಪ್ರಾರ್ಥನೆ ಮಾಡಿಸಲಾಗಿತ್ತು. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ಎಂದು ಖಚಿತವಿಲ್ಲದ ಎರಡು ಗುಂಪುಗಳಲ್ಲಿ ಶೇ. 52 ಮತ್ತು ಶೇ. 51 ಮಂದಿಗೆ ತೊಡಕುಗಳಾದವು. ಖಂಡಿತವಾಗಿ ನಡೆಯುತ್ತಿದೆ ಎಂದು ತಿಳಿಸಲಾದವರಲ್ಲಿ ಅದು ಶೇ. 59. ಅಲ್ಲಾಹನ ಉತ್ತರವನ್ನು ಶೇಕಡಾವಾರಿನಲ್ಲಿ ಅಳೆಯಲಾಗದೆಂಬುದು ನಮ್ಮ ದೃಢ ನಂಬಿಕೆ. ಹಾಸಿಗೆಯ ಪಕ್ಕ ಕುಳಿತು ಓದುವುದನ್ನು ಈ ಅಧ್ಯಯನ ಪರಿಶೀಲಿಸಿಯೂ ಇಲ್ಲ. ಆದರೆ ಸಂಶೋಧಕರು ಸೂಚಿಸಿದ ಒಂದು ಸಂಭವ ನಮ್ಮ ವಾರ್ಡಿಗೆ ತಟ್ಟುವಂತಹುದು. ‘ಪ್ರಾರ್ಥನೆಯವರನ್ನು ಕರೆಸುವಷ್ಟು ನನ್ನ ಸ್ಥಿತಿ ಕೆಟ್ಟಿದೆಯೇ?’ ಎಂಬ ಆತಂಕ ರೋಗಿಯಲ್ಲಿ ಹುಟ್ಟಿರಬಹುದು ಎಂದು ಅವರು ಹೇಳಿದ್ದರು. ಅಂದಿನಿಂದ ನಮ್ಮ ತಂಡ ಗಂಭೀರ ರೋಗಿಗಳನ್ನು ಮಾತ್ರ ಆರಿಸಿಕೊಳ್ಳುವುದನ್ನು ಬಿಟ್ಟಿತು. ಕಾಲು ಮುರಿದ ಹುಡುಗನಿಂದ ಹಿಡಿದು ವಾರ್ಡಿನ ಎಲ್ಲರನ್ನೂ ಸಾಲಾಗಿ ಕೇಳುತ್ತಾರೆ, ಎಲ್ಲರನ್ನೂ ಕೇಳುತ್ತೇವೆ ಎಂದು ಮೊದಲೇ ತಿಳಿಸುತ್ತಾರೆ.

ಈ ಹಾರೈಕೆಗೆ ಮಿತಿಯೂ ಇದೆ. ಮರಣ ಸಮೀಪಿಸಿದಾಗ ಇದು ಸಾಲದು. ಆಗ ಮುಸ್ಲಿಮನ ಬಳಿ ಮೆಲುದನಿಯಲ್ಲಿ ಕಲಿಮಾ ನೆನಪಿಸುವವರು ಬೇಕು; ಕೆಥೊಲಿಕರಿಗೆ ಪಾದ್ರಿಗಳು ಬಂದು ತೈಲಲೇಪನ ಮಾಡಬೇಕು; ಹಿಂದೂ ಮನೆಯವರು ತುಳಸಿ ನೀರು ಬಿಡಬೇಕು; ಜೈನರು ಣಮೋಕಾರ ಹೇಳಬೇಕು. ಎಲ್ಲರಿಗೂ ಹೊಂದುವ ಮಾತು ಅಂತಹ ಹೊತ್ತಿನಲ್ಲಿ ಯಾರಿಗೂ ಪೂರ್ತಿ ಹೊಂದುವುದಿಲ್ಲ. ಸ್ವಯಂಸೇವಕನ ಕೆಲಸ ಚೀಟಿಯನ್ನು ಜೇಬಿಗಿಟ್ಟು ಸರಿಯಾದ ವ್ಯಕ್ತಿಗೆ ಫೋನ್ ಮಾಡುವುದು.

ಇದನ್ನು ಕೇಳಿದ ನಮ್ಮ ಶಿಷ್ಯನೊಬ್ಬ, ‘ಉಸ್ತಾದ್, ಪ್ರವಾದಿ(ಸ)ರು ತಮ್ಮ ಸೇವೆಯಲ್ಲಿದ್ದ ಯಹೂದಿ ಬಾಲಕನ ಕಾಯಿಲೆಯ ವೇಳೆ ತಲೆಯ ಬಳಿ ಕುಳಿತು ಅವನನ್ನು ಇಸ್ಲಾಮಿಗೆ ಆಹ್ವಾನಿಸಿದರಲ್ಲವೇ? ನಾವು ದೇವರ ಹೆಸರನ್ನೇ ಹೇಳದೆ ಬರುವುದು ಸರಿಯೇ?’ ಎಂದು ಕೇಳಿದ. ಸರಿಯಾದ ಪ್ರಶ್ನೆ. ಆ ಬಾಲಕನು ಪ್ರವಾದಿವರ್ಯರನ್ನು(ಸ) ದಿನವೂ ಕಂಡು ಬಲ್ಲವನು. ಅವನ ತಂದೆ ಅಲ್ಲೇ ಇದ್ದರು, ಬಾಲಕನು ತಂದೆಯ ಮುಖ ನೋಡಿ ಅವರ ಒಪ್ಪಿಗೆ ಪಡೆದೇ ಉತ್ತರಿಸಿದನು. ನಾವಾದರೋ ಎದ್ದು ಹೋಗಲಾರದ ಅಪರಿಚಿತನ ಬಳಿ ಆಸ್ಪತ್ರೆಯ ಬ್ಯಾಡ್ಜ್ ಧರಿಸಿ ಬಂದವರು. ಯಾರ ಧರ್ಮದ ವಿಷಯಕ್ಕೂ ಹೋಗುವುದಿಲ್ಲವೆಂದು ಮಾತು ಕೊಟ್ಟು ಒಳಗೆ ಬಂದವರು. ಆ ಮಾತು ಅಮಾನತ್. ಅಮಾನತನ್ನು ಮುರಿದು ಮಾಡುವ ದಅವತ್‌ನಲ್ಲಿ ಬರಕತ್ ಇರುವುದಾದರೂ ಹೇಗೆ?

ಮೂರನೆಯ ಕರಡನ್ನು ಹಿಡಿದು ನಾವು ಮತ್ತೆ ಆ ಕೃಷಿಕರ ಬಳಿ ಹೋದೆವು. ಅವರು ಇನ್ನಷ್ಟು ಸೊರಗಿದ್ದರು. ಈ ಸಲ ಕುಳಿತು ಓದಿದೆವು. ಮೌನದಲ್ಲಿ ಅವರ ತುಟಿಗಳು ‘ಶಿವಾ’ ಎಂದು ಎರಡು ಸಲ ಅಲುಗಿದವು. ನಾವು ನಮ್ಮ ಪ್ರಭುವನ್ನು ಅವರಿಗಾಗಿ ಬೇಡಿದೆವು. ಹತ್ತು ಉಸಿರುಗಳು ಕಳೆದ ಮೇಲೆ ಅವರು, ‘ಇಷ್ಟು ಸಾಕು ಮಾಸ್ಟ್ರೇ. ಸ್ವಲ್ಪ ನೀರು ಕೊಡುತ್ತೀರಾ?’ ಎಂದರು.

ನೀರು ಕೊಡುವ ಮೊದಲು ನರ್ಸನ್ನು ಕೇಳಬೇಕೆಂಬ ನಿಯಮವಿದೆ, ಕೇಳಿದೆವು. ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕೊಡಿ ಎಂದರು. ನಾಲ್ಕು ಚಮಚ ಕುಡಿಸುವಷ್ಟರಲ್ಲಿ, ರೋಗಿಯನ್ನು ಸಂದರ್ಶಿಸದವನನ್ನೂ ಬಾಯಾರಿದವನಿಗೆ ನೀರು ಕೊಡದವನನ್ನೂ ಅಂತಿಮ ದಿನ ಅಲ್ಲಾಹನು ವಿಚಾರಿಸುವನೆಂಬ ಮುಸ್ಲಿಮ್ ಗ್ರಂಥದ ಹದೀಸ್ ಕುದ್ಸೀ ನೆನಪಾಯಿತು. ನಾವು ನಾಲ್ಕು ತಿಂಗಳು ಪದಗಳನ್ನು ಹುಡುಕಿದ್ದೆವು. ಅವರು ಕೊನೆಗೆ ನಮ್ಮನ್ನು ಕೇಳಿದ್ದು ನೀರು.

ಅಲ್ಲಾಹನು ಎಲ್ಲ ರೋಗಿಗಳ ನೋವನ್ನು ಹಗುರಗೊಳಿಸಲಿ, ಅವರ ಪಕ್ಕದಲ್ಲಿ ಕುಳಿತವರ ಮಾತನ್ನೂ ಮೌನವನ್ನೂ ಸ್ವೀಕರಿಸಲಿ. ಆಮೀನ್.